ನರಸ್ನಾಯು ಸಂಧಿ: ಸಂದೇಶ ದಾಟುವ ಹಂತಗಳು, ತಡೆಯುವ ವಿಷಗಳು

ಬೆನ್ನುಹುರಿಯಿಂದ ಹೊರಟ ಚಾಲಕ ನರದ ತುದಿ ಅಸ್ಥಿಸ್ನಾಯುವಿನ ಎಳೆಯೊಂದನ್ನು ಸೇರುವ ಜಾಗಕ್ಕೆ ನರಸ್ನಾಯು ಸಂಧಿ ಎಂದು ಹೆಸರು. ಸೇರುವ ಜಾಗ ಎಂದರೂ ಇಲ್ಲಿ ನರ ಮತ್ತು ಸ್ನಾಯು ಒಂದಕ್ಕೊಂದು ತಾಗುವುದಿಲ್ಲ. ನಡುವೆ ಸುಮಾರು 50 ನ್ಯಾನೊಮೀಟರ್ ಅಗಲದ ಸಂದು ಇರುತ್ತದೆ. ನರದಲ್ಲಿ ಹರಿದು ಬಂದ ವಿದ್ಯುತ್ ಸಂಕೇತ ಈ ಸಂದನ್ನು ತಾನಾಗಿ ದಾಟಲಾರದು. ಅದು ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವಾಗಿ ಬದಲಾಗಿ, ಆಚೆ ದಡದಲ್ಲಿ ಮತ್ತೆ ವಿದ್ಯುತ್ತಾಗಿ, ಕೊನೆಗೆ ಸ್ನಾಯುವಿನೊಳಗೆ ಎಳೆತವಾಗುತ್ತದೆ. ಈ ದಾರಿಯ ಪ್ರತಿ ಮೆಟ್ಟಿಲನ್ನೂ ತಡೆಯುವ ಒಂದಲ್ಲ ಒಂದು ವಿಷ ನಿಸರ್ಗದಲ್ಲೋ ಔಷಧಾಲಯದಲ್ಲೋ ಇದೆ. ಯಾವ ವಿಷ ಹಾಕಿದರೂ ಕೊನೆಗೆ ಹೊರಗೆ ಕಾಣುವುದು ಒಂದೇ: ಸ್ನಾಯು ಅಲುಗುವುದಿಲ್ಲ. ತಡೆ ಯಾವ ಮೆಟ್ಟಿಲಲ್ಲಿದೆ ಎಂದು ಪತ್ತೆಹಚ್ಚುವುದೇ ಶರೀರಕ್ರಿಯಾಶಾಸ್ತ್ರದ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ. ಹಾವು ಕಚ್ಚಿದ ರೋಗಿಯ ಮುಂದೆ ನಿಂತ ವೈದ್ಯರಿಗೂ ಎದುರಾಗುವುದು ಇದೇ ಪ್ರಶ್ನೆ.

ಸಂಧಿಯ ಗುರುತು ಸಿಕ್ಕ ಬಗೆ

ನರವೂ ಅಲ್ಲದ, ಸ್ನಾಯುವೂ ಅಲ್ಲದ ಒಂದು ಜಾಗವಿದೆ ಎಂಬುದನ್ನು ತೋರಿಸಿಕೊಟ್ಟದ್ದು ಒಂದು ವಿಷವೇ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಬೇಟೆಗಾರರು ಬಾಣದ ಮೊನೆಗೆ ಸವರುತ್ತಿದ್ದ ಕ್ಯುರಾರೆಯನ್ನು 19ನೇ ಶತಮಾನದ ಮಧ್ಯದಲ್ಲಿ ಫ್ರಾನ್ಸಿನ ಕ್ಲೋಡ್ ಬರ್ನಾರ್ ಕಪ್ಪೆಗಳ ಮೇಲೆ ಪರೀಕ್ಷಿಸಿದರು. ವಿಷವೇರಿದ ಕಪ್ಪೆಯ ನರವನ್ನು ಪ್ರಚೋದಿಸಿದರೆ ಸ್ನಾಯು ಕದಲಲಿಲ್ಲ. ಅದೇ ಸ್ನಾಯುವಿಗೆ ನೇರವಾಗಿ ವಿದ್ಯುತ್ ತಾಗಿಸಿದರೆ ಕುಗ್ಗಿತು. ಅಲ್ಲಿಗೆ ಸ್ನಾಯು ಕೆಟ್ಟಿಲ್ಲ ಎಂದಾಯಿತು. ನರದ ಕಾಂಡವನ್ನಷ್ಟೇ ಕ್ಯುರಾರೆಯಲ್ಲಿ ಅದ್ದಿ ಸ್ನಾಯುವನ್ನು ಹೊರಗಿಟ್ಟಾಗ ಸಂಕೇತ ಸರಾಗವಾಗಿ ಹರಿಯಿತು. ಅಲ್ಲಿಗೆ ನರದ ಕಾಂಡವೂ ಕೆಟ್ಟಿಲ್ಲ ಎಂದಾಯಿತು. ಉಳಿದದ್ದು ಇವೆರಡೂ ಸಂಧಿಸುವ ಜಾಗ ಮಾತ್ರ.

ಆ ಜಾಗದಲ್ಲಿ ಸಂದೇಶ ಒಯ್ಯುವುದು ಅಸಿಟೈಲ್‌ಕೋಲಿನ್ ಎಂದು ಹೆನ್ರಿ ಡೇಲ್ ಮತ್ತು ಅವರ ಸಹೋದ್ಯೋಗಿಗಳು 1936ರಲ್ಲಿ ತೋರಿಸಿದರು. ನರಗಳ ರಾಸಾಯನಿಕ ಸಂವಹನದ ಶೋಧಕ್ಕಾಗಿ ಡೇಲ್ ಮತ್ತು ಆಟೊ ಲೋವಿ ಅದೇ ವರ್ಷ ನೊಬೆಲ್ ಪುರಸ್ಕಾರ ಪಡೆದರು. ಅಸಿಟೈಲ್‌ಕೋಲಿನ್ ಒಂದೇ ಧಾರೆಯಾಗಿ ಸುರಿಯದೆ, ಅಳೆದಿಟ್ಟ ಪೊಟ್ಟಣಗಳಂತೆ ಬಿಡುಗಡೆಯಾಗುತ್ತದೆ ಎಂಬುದನ್ನು 1950ರ ದಶಕದಲ್ಲಿ ಲಂಡನ್ನಿನಲ್ಲಿ ಬರ್ನಾರ್ಡ್ ಕಾಟ್ಜ್, ಪಾಲ್ ಫ್ಯಾಟ್ ಮತ್ತು ಹೋಸೆ ಡೆಲ್ ಕಾಸ್ಟಿಯೊ ಕಂಡುಕೊಂಡರು.

ಸಂದೇಶ ದಾಟುವ ಹಂತಗಳು

ನರದ ಉದ್ದಕ್ಕೂ ಸಂಕೇತವನ್ನು ಸಾಗಿಸುವುದು ಸೋಡಿಯಂ ನಾಳಗಳು. ಕೋಶಪೊರೆಯ ಒಂದು ಭಾಗದಲ್ಲಿ ಅವು ತೆರೆದು ಸೋಡಿಯಂ ಒಳನುಗ್ಗಿದಾಗ ಪಕ್ಕದ ಭಾಗದ ನಾಳಗಳೂ ತೆರೆಯುತ್ತವೆ. ಹೀಗೆ ಕ್ರಿಯಾವಿಭವ ಎಂಬ ವಿದ್ಯುತ್ ಅಲೆ ನರದ ತುದಿಯವರೆಗೆ ಬರುತ್ತದೆ. ತುದಿಯಲ್ಲಿ ಕ್ಯಾಲ್ಸಿಯಂ ನಾಳಗಳಿವೆ. ಅಲೆ ತಲುಪಿದೊಡನೆ ಅವು ತೆರೆಯುತ್ತವೆ, ಹೊರಗಿನ ದ್ರವದಲ್ಲಿದ್ದ ಕ್ಯಾಲ್ಸಿಯಂ ಒಳಗೆ ಬರುತ್ತದೆ.

ನರದ ತುದಿಯೊಳಗೆ ಅಸಿಟೈಲ್‌ಕೋಲಿನ್ ತುಂಬಿದ ಸಣ್ಣ ಗುಳ್ಳೆಗಳು ಸಾಲುಗಟ್ಟಿ ನಿಂತಿರುತ್ತವೆ. ಒಂದೊಂದರಲ್ಲೂ ಸಾವಿರಾರು ಅಣುಗಳು. ಗುಳ್ಳೆಯ ಮೇಲಿನ ಸಿನ್ಯಾಪ್ಟೊಬ್ರೆವಿನ್ ಎಂಬ ಪ್ರೋಟೀನು, ನರದ ಪೊರೆಯಲ್ಲಿರುವ ಸಿಂಟ್ಯಾಕ್ಸಿನ್ ಮತ್ತು ಸ್ನ್ಯಾಪ್-25 ಎಂಬ ಪ್ರೋಟೀನುಗಳ ಜೊತೆ ಹಗ್ಗ ಹೊಸೆದಂತೆ ಹೆಣೆದುಕೊಂಡು ಗುಳ್ಳೆಯನ್ನು ಪೊರೆಗೆ ಬಿಗಿದು ಹಿಡಿದಿರುತ್ತದೆ. ಒಳಬಂದ ಕ್ಯಾಲ್ಸಿಯಂ ಈ ಹೆಣಿಗೆಯ ಕೊನೆಯ ಬಿಗಿತವನ್ನು ಪೂರ್ತಿಗೊಳಿಸುತ್ತದೆ. ಗುಳ್ಳೆ ಪೊರೆಯೊಂದಿಗೆ ಬೆಸೆದು ತೆರೆದುಕೊಳ್ಳುತ್ತದೆ, ಅಸಿಟೈಲ್‌ಕೋಲಿನ್ ಸಂದಿಗೆ ಚೆಲ್ಲುತ್ತದೆ.

ಆಚೆ ದಡದ ಸ್ನಾಯುಪೊರೆಗೆ ಅಂತ್ಯಫಲಕ ಎಂದು ಹೆಸರು. ಅದು ಮಡಿಕೆ ಮಡಿಕೆಯಾಗಿದ್ದು, ಮಡಿಕೆಗಳ ನೆತ್ತಿಯಲ್ಲಿ ಗ್ರಾಹಕಗಳು ಒತ್ತೊತ್ತಾಗಿ ನೆಟ್ಟಿರುತ್ತವೆ. ಒಂದು ಚದರ ಮೈಕ್ರೊಮೀಟರಿನಲ್ಲಿ ಸುಮಾರು 10,000. ಎರಡು ಅಸಿಟೈಲ್‌ಕೋಲಿನ್ ಅಣುಗಳು ಬಂದು ಕುಳಿತಾಗ ಒಂದು ಗ್ರಾಹಕ ತೆರೆಯುತ್ತದೆ. ಸೋಡಿಯಂ ಒಳಬಂದು ಅಂತ್ಯಫಲಕದ ವಿಭವ ಏರುತ್ತದೆ. ಈ ಏರಿಕೆಯನ್ನು ಅಂತ್ಯಫಲಕ ವಿಭವ ಎನ್ನುತ್ತಾರೆ. ಅದು ಸಾಕಷ್ಟು ದೊಡ್ಡದಾದರೆ ಸುತ್ತಲಿನ ಸೋಡಿಯಂ ನಾಳಗಳು ತೆರೆದು ಸ್ನಾಯುವಿನದೇ ಆದ ಹೊಸ ಕ್ರಿಯಾವಿಭವ ಹೊರಡುತ್ತದೆ.

ಸಂದಿಯಲ್ಲಿರುವ ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಅಸಿಟೈಲ್‌ಕೋಲಿನ್ ಅನ್ನು ಸುಮಾರು ಒಂದು ಮಿಲಿಸೆಕೆಂಡಿನೊಳಗೆ ತುಂಡರಿಸಿಬಿಡುತ್ತದೆ. ಆದ್ದರಿಂದಲೇ ಒಂದು ಸಂಕೇತಕ್ಕೆ ಒಂದೇ ಸೆಳೆತ. ತುಂಡಾಗಿ ಉಳಿದ ಕೋಲಿನ್ ಅನ್ನು ನರ ಮತ್ತೆ ಒಳಗೆಳೆದುಕೊಂಡು, ಹೊಸ ಅಸಿಟೈಲ್‌ಕೋಲಿನ್ ಮಾಡಿ ಗುಳ್ಳೆಗಳಿಗೆ ತುಂಬುತ್ತದೆ.

ಈ ವ್ಯವಸ್ಥೆಯಲ್ಲಿ ಒಂದು ಧಾರಾಳತನವಿದೆ. ಸ್ನಾಯುವನ್ನು ಎಬ್ಬಿಸಲು ಬೇಕಾದುದಕ್ಕಿಂತ ಹಲವು ಪಟ್ಟು ಅಸಿಟೈಲ್‌ಕೋಲಿನ್ ಪ್ರತಿ ಸಲ ಬಿಡುಗಡೆಯಾಗುತ್ತದೆ, ಗ್ರಾಹಕಗಳೂ ಹಾಗೆಯೇ ಹೆಚ್ಚಿವೆ. ಇದಕ್ಕೆ ಸುರಕ್ಷತಾ ಅಂತರ ಎನ್ನುತ್ತಾರೆ. ಕ್ಯುರಾರೆಯಂಥ ಔಷಧ ಸುಮಾರು ಮುಕ್ಕಾಲು ಪಾಲು ಗ್ರಾಹಕಗಳನ್ನು ಮುಚ್ಚುವವರೆಗೂ ಸೆಳೆತ ದುರ್ಬಲವಾದಂತೆ ಕಾಣುವುದಿಲ್ಲ, ಶೇ. 90 ದಾಟಿದಾಗ ಸೆಳೆತವೇ ನಿಲ್ಲುತ್ತದೆ. ವಿಷವೇರಿದವರು ಬಹಳ ಹೊತ್ತು ಚೆನ್ನಾಗಿಯೇ ಇದ್ದು ಆಮೇಲೆ ಒಮ್ಮೆಲೇ ಕುಸಿಯುವುದಕ್ಕೆ ಇದೂ ಒಂದು ಕಾರಣ.

ಸ್ನಾಯುವಿನೊಳಗೆ

ಸ್ನಾಯುವಿನ ಎಳೆ ದಪ್ಪ. ಮೇಲ್ಮೈಯಲ್ಲಿ ಹರಿಯುವ ಕ್ರಿಯಾವಿಭವ ಒಳತಿರುಳಿಗೆ ಸುದ್ದಿ ಮುಟ್ಟಿಸಬೇಕಾದರೆ ದಾರಿ ಬೇಕು. ಪೊರೆಯೇ ಅಲ್ಲಲ್ಲಿ ಬಾವಿಯಂತೆ ಒಳಕ್ಕೆ ಇಳಿದು ಆ ದಾರಿಯಾಗಿದೆ. ಇವುಗಳಿಗೆ ಅಡ್ಡ ಕೊಳವೆಗಳು ಎಂದು ಹೆಸರು. ಕೊಳವೆಯ ಗೋಡೆಯಲ್ಲಿ ವಿದ್ಯುತ್ತನ್ನು ಗ್ರಹಿಸುವ ಪ್ರೋಟೀನೊಂದಿದೆ. ಅದು ಪಕ್ಕದ ಕ್ಯಾಲ್ಸಿಯಂ ಉಗ್ರಾಣದ ಬಾಗಿಲಿಗೆ, ಅಂದರೆ ರಯನೊಡಿನ್ ಗ್ರಾಹಕಕ್ಕೆ, ನೇರವಾಗಿ ತಾಗಿಕೊಂಡಿದೆ. ಅಲೆ ಬಂದಾಗ ಗ್ರಾಹಿ ಪ್ರೋಟೀನಿನ ಆಕಾರ ಬದಲಾಗಿ ಬಾಗಿಲನ್ನು ಎಳೆದು ತೆರೆಯುತ್ತದೆ. ಉಗ್ರಾಣದಿಂದ ಹೊರಬಿದ್ದ ಕ್ಯಾಲ್ಸಿಯಂ ಎಳೆಯೊಳಗೆ ಹತ್ತು ಪಟ್ಟಿಗೂ ಮಿಕ್ಕಿ ಏರುತ್ತದೆ.

ಹಲವರು ಎಡವುವುದು ಇಲ್ಲಿ. ಹೊರಗಿನ ದ್ರವದಿಂದ ಕ್ಯಾಲ್ಸಿಯಂ ತೆಗೆದುಬಿಟ್ಟರೆ ಅಸ್ಥಿಸ್ನಾಯು ಕುಗ್ಗುತ್ತದೆಯೇ? ನರವನ್ನು ಪ್ರಚೋದಿಸಿದರೆ ಕುಗ್ಗದು, ಏಕೆಂದರೆ ನರದ ತುದಿಗೆ ಬೇಕಾದದ್ದು ಹೊರಗಿನ ಕ್ಯಾಲ್ಸಿಯಂ. ಸ್ನಾಯುವನ್ನೇ ನೇರವಾಗಿ ಪ್ರಚೋದಿಸಿದರೆ ಕುಗ್ಗುತ್ತದೆ, ಏಕೆಂದರೆ ಅದಕ್ಕೆ ಬೇಕಾದದ್ದು ಒಳಗಿನ ಉಗ್ರಾಣದ್ದು. ಹೃದಯದ ಸ್ನಾಯು ಹಾಗಲ್ಲ. ಅಲ್ಲಿ ಉಗ್ರಾಣದ ಬಾಗಿಲು ತೆರೆಯುವುದಕ್ಕೇ ಹೊರಗಿನಿಂದ ಬಂದ ಕ್ಯಾಲ್ಸಿಯಂ ಬೇಕು. ಒಂದೇ ಪ್ರಶ್ನೆಗೆ ಮೂರು ಉತ್ತರಗಳಿರುವುದರಿಂದ ಯಾವ ಸ್ನಾಯು, ಎಲ್ಲಿ ಪ್ರಚೋದನೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಮುಂದಿನದು ಆ್ಯಕ್ಟಿನ್ ಮತ್ತು ಮಯೋಸಿನ್ ತಂತುಗಳ ಕೆಲಸ. ವಿಶ್ರಾಂತಿಯಲ್ಲಿ ಟ್ರೋಪೋಮಯೋಸಿನ್ ಎಂಬ ದಾರ ಆ್ಯಕ್ಟಿನ್ ಮೇಲಿನ ಹಿಡಿತಾಣಗಳನ್ನು ಮರೆಮಾಡಿರುತ್ತದೆ. ಕ್ಯಾಲ್ಸಿಯಂ ಬಂದು ಟ್ರೋಪೋನಿನ್‌ಗೆ ಅಂಟಿದಾಗ ದಾರ ಪಕ್ಕಕ್ಕೆ ಸರಿಯುತ್ತದೆ. ಮಯೋಸಿನ್ ತಲೆಗಳು ಆ್ಯಕ್ಟಿನ್ ಅನ್ನು ಹಿಡಿದು, ಬಾಗಿ, 5ರಿಂದ 10 ನ್ಯಾನೊಮೀಟರಿನಷ್ಟು ಎಳೆಯುತ್ತವೆ. ಹೊಸ ಎಟಿಪಿ ಅಣು ಬಂದು ಅಂಟಿದಾಗ ಹಿಡಿತ ಬಿಡುತ್ತದೆ. ಆ ಎಟಿಪಿ ಒಡೆದಾಗ ತಲೆ ಮತ್ತೆ ನಿಗುರಿ ಮುಂದಿನ ಎಳೆತಕ್ಕೆ ಸಿದ್ಧವಾಗುತ್ತದೆ. ತಂತುಗಳು ತಾವು ಗಿಡ್ಡವಾಗದೆ ಒಂದರೊಳಗೊಂದು ಜಾರುತ್ತವೆ ಎಂಬ ವಿವರಣೆಯನ್ನು 1954ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಮುಂದಿಟ್ಟವು: ಆ್ಯಂಡ್ರೂ ಹಕ್ಸ್‌ಲಿ ಮತ್ತು ರಾಲ್ಫ್ ನೀಡರ್ಗರ್ಕೆ ಒಂದು ಕಡೆ, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು ಕಡೆ. ಎಟಿಪಿ ಬೇಕಾಗುವುದು ಹಿಡಿತ ಬಿಡಲು ಎಂಬುದಕ್ಕೆ ಸತ್ತ ದೇಹವೇ ಸಾಕ್ಷಿ. ಎಟಿಪಿ ಮುಗಿದಾಗ ಹಿಡಿದ ತಲೆಗಳು ಬಿಡಲಾರದೆ ದೇಹ ಸೆಟೆದುಕೊಳ್ಳುತ್ತದೆ. ಬದುಕಿರುವ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಅನ್ನು ಪಂಪುಗಳು ಉಗ್ರಾಣಕ್ಕೆ ಹಿಂತಿರುಗಿಸುತ್ತವೆ. ಅದಕ್ಕೂ ಎಟಿಪಿ ಬೇಕು.

ಯಾವ ವಿಷ ಯಾವ ಮೆಟ್ಟಿಲಲ್ಲಿ

ನರದ ಸೋಡಿಯಂ ನಾಳವನ್ನು ಮುಚ್ಚುವುದು ಪಫರ್ ಮೀನಿನ ಟೆಟ್ರೊಡೊಟಾಕ್ಸಿನ್. ಇದರಿಂದ ಕ್ರಿಯಾವಿಭವವೇ ಹುಟ್ಟದು. ಸ್ನಾಯುವಿನ ಸೋಡಿಯಂ ನಾಳವನ್ನೂ ಇದು ಮುಚ್ಚುತ್ತದೆ. ಆದರೆ ಶಂಕುಹುಳುವಿನ ಮ್ಯೂ-ಕೋನೊಟಾಕ್ಸಿನ್‌ಗಳಲ್ಲಿ ಕೆಲವು ನರವನ್ನು ಹೆಚ್ಚೂಕಡಿಮೆ ಬಿಟ್ಟು ಸ್ನಾಯುವಿನ ನಾಳವನ್ನಷ್ಟೇ ಮುಚ್ಚುತ್ತವೆ. ಸ್ನಾಯು ಅಲುಗದಂತೆ ಮಾಡಿ ಅಂತ್ಯಫಲಕ ವಿಭವವನ್ನು ಅಳೆಯಲು ಪ್ರಯೋಗಾಲಯಗಳು ಇದನ್ನೇ ಬಳಸುತ್ತವೆ. ನರತುದಿಗೆ ಕ್ಯಾಲ್ಸಿಯಂ ಬರದಂತೆ ತಡೆಯುವುದು ಮೆಗ್ನೀಸಿಯಂ. ಲ್ಯಾಂಬರ್ಟ್-ಈಟನ್ ಎಂಬ ಕಾಯಿಲೆಯಲ್ಲಿ ರೋಗಿಯ ಸ್ವಂತ ಪ್ರತಿಕಾಯಗಳೇ ಕ್ಯಾಲ್ಸಿಯಂ ನಾಳಗಳ ಮೇಲೆ ಬಿದ್ದು ಈ ಕೆಲಸ ಮಾಡುತ್ತವೆ.

ಗುಳ್ಳೆಯ ಹೆಣಿಗೆಯನ್ನು ಕತ್ತರಿಸುವುದು ಬೊಟುಲಿನಂ ವಿಷ. ಅದರ ಎ ಬಗೆ ಸ್ನ್ಯಾಪ್-25ನ್ನು, ಬಿ ಬಗೆ ಸಿನ್ಯಾಪ್ಟೊಬ್ರೆವಿನ್ ಅನ್ನು ತುಂಡರಿಸುತ್ತದೆ. ಧನುರ್ವಾಯುವಿನ ವಿಷವೂ ಸಿನ್ಯಾಪ್ಟೊಬ್ರೆವಿನ್ ಅನ್ನೇ ಕತ್ತರಿಸುತ್ತದೆ, ಆದರೂ ಒಂದರಲ್ಲಿ ಸ್ನಾಯು ಸಡಿಲ, ಇನ್ನೊಂದರಲ್ಲಿ ಬಿಗಿ. ಕಾರಣ ಜಾಗದ ವ್ಯತ್ಯಾಸ. ಬೊಟುಲಿನಂ ನರತುದಿಯಲ್ಲೇ ಉಳಿಯುತ್ತದೆ. ಧನುರ್ವಾಯುವಿನ ವಿಷ ಚಾಲಕ ನರದೊಳಗೆ ಹಿಮ್ಮುಖವಾಗಿ ಬೆನ್ನುಹುರಿಯವರೆಗೆ ಹೋಗಿ, ಚಾಲಕ ನರವನ್ನು ಹತೋಟಿಯಲ್ಲಿಡುವ ನರಕೋಶಗಳ ಬಾಯಿ ಕಟ್ಟುತ್ತದೆ. ಹತೋಟಿ ತಪ್ಪಿದ ಚಾಲಕ ನರ ಎಡೆಬಿಡದೆ ಸಂಕೇತ ಕಳಿಸುತ್ತದೆ.

ಗ್ರಾಹಕವನ್ನು ಮುಚ್ಚುವುದು ಕ್ಯುರಾರೆ ಮತ್ತು ನಾಗರಹಾವಿನ ಆಲ್ಫಾ ನರವಿಷಗಳು. ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಸಕ್ಸಿನೈಲ್‌ಕೋಲಿನ್ ಗ್ರಾಹಕವನ್ನು ಮುಚ್ಚುವುದಿಲ್ಲ, ತೆರೆದೇ ಹಿಡಿಯುತ್ತದೆ. ಮೊದಲು ಸ್ನಾಯುಗಳು ಅಲ್ಲಲ್ಲಿ ಅದುರಿ, ಅಂತ್ಯಫಲಕ ಏರಿದ ವಿಭವದಲ್ಲೇ ನಿಂತುಬಿಡುವುದರಿಂದ ಸುತ್ತಲಿನ ಸೋಡಿಯಂ ನಾಳಗಳು ಮತ್ತೆ ಸಜ್ಜಾಗಲಾರದೆ ಸ್ನಾಯು ಸಡಿಲವಾಗುತ್ತದೆ. ಹೊಲಕ್ಕೆ ಸಿಂಪಡಿಸುವ ಆರ್ಗನೊಫಾಸ್ಫೇಟ್ ಕೀಟನಾಶಕ ಕಿಣ್ವವನ್ನು ಕೆಡಿಸುತ್ತದೆ. ಅಸಿಟೈಲ್‌ಕೋಲಿನ್ ಸಂದಿಯಲ್ಲೇ ತುಂಬಿಕೊಂಡು ಅದುರುವಿಕೆ, ಆಮೇಲೆ ನಿಶ್ಶಕ್ತಿ. ಸ್ನಾಯುವಿನೊಳಗಿನ ಉಗ್ರಾಣದ ಬಾಗಿಲನ್ನು ಬಿಗಿ ಮಾಡುವುದು ಡ್ಯಾಂಟ್ರೊಲೀನ್. ಅರಿವಳಿಕೆಯಿಂದ ಆ ಬಾಗಿಲು ತೆರೆದೇ ಉಳಿದು ಮೈ ಸುಡುವ ಅಪರೂಪದ ಸ್ಥಿತಿಗೆ ಇದೇ ಮದ್ದು.

ತಡೆಯ ಜಾಗ ಹುಡುಕುವ ಕ್ರಮ

ಕಪ್ಪೆಯ ಮೀನಖಂಡದ ಸ್ನಾಯುವನ್ನು ಅದರ ನರದ ಸಮೇತ ತೆಗೆದು ಲವಣದ್ರವದಲ್ಲಿ ಇಟ್ಟಿದೆ ಎಂದುಕೊಳ್ಳೋಣ. ಹೆಸರು ತಿಳಿಯದ ವಿಷ ಹಾಕಿದ ಮೇಲೆ ಸೆಳೆತ ನಿಂತಿದೆ. ಬರ್ನಾರ್ ಮಾಡಿದಂತೆ ಬೇರೆ ಬೇರೆ ಬಾಗಿಲು ತಟ್ಟಿ ನೋಡಬೇಕು. ಸ್ನಾಯುವಿಗೆ ನೇರ ವಿದ್ಯುತ್ ಕೊಟ್ಟಾಗಲೂ ಅದು ಕುಗ್ಗದಿದ್ದರೆ ತಡೆ ಸ್ನಾಯುವಿನಲ್ಲೇ ಇದೆ. ಆಗ ಸ್ನಾಯುವಿನ ಕ್ರಿಯಾವಿಭವ ಅಳೆಯಬೇಕು. ಅದು ಇದ್ದು ಎಳೆತ ಮಾತ್ರ ಇಲ್ಲವಾದರೆ ಉಗ್ರಾಣದ ಬಾಗಿಲಿನಲ್ಲೋ ಅದರಾಚೆಯೋ ತೊಂದರೆ. ಅದೂ ಇಲ್ಲವಾದರೆ ಸೋಡಿಯಂ ನಾಳದ್ದು. ನೇರ ವಿದ್ಯುತ್ತಿಗೆ ಕುಗ್ಗಿದರೆ ಸಂಧಿಗೆ ಅಸಿಟೈಲ್‌ಕೋಲಿನ್ ಹಾಕಿ ನೋಡಬೇಕು. ಅದಕ್ಕೂ ಪ್ರತಿಕ್ರಿಯೆ ಇದ್ದರೆ ಗ್ರಾಹಕ ಚೆನ್ನಾಗಿದೆ, ತೊಂದರೆ ನರದ ಕಡೆ.

ಇದಕ್ಕಿಂತ ಸೂಕ್ಷ್ಮವಾದ ಅಳತೆಯನ್ನು ಕಾಟ್ಜ್ ಬಳಗ ಕೊಟ್ಟಿದೆ. ನರ ಸುಮ್ಮನಿದ್ದಾಗಲೂ ಆಗೊಂದು ಈಗೊಂದು ಗುಳ್ಳೆ ತಾನಾಗಿ ತೆರೆಯುತ್ತದೆ. ಅಂತ್ಯಫಲಕದಲ್ಲಿ ಸುಮಾರು 0.5 ಮಿಲಿವೋಲ್ಟಿನ ಕಿರುವಿಭವ ಕಾಣುತ್ತದೆ. ಅದು ಒಂದು ಗುಳ್ಳೆಯ ಅಳತೆ. ನರ ಪ್ರಚೋದಿಸಿದಾಗ ಬರುವ ವಿಭವವನ್ನು ಕಿರುವಿಭವದಿಂದ ಭಾಗಿಸಿದರೆ ಎಷ್ಟು ಗುಳ್ಳೆಗಳು ತೆರೆದವು ಎಂಬ ಲೆಕ್ಕ ಸಿಗುತ್ತದೆ. ಪ್ರಶ್ನೆಪತ್ರಿಕೆಯ ಮಾದರಿಯ ಒಂದು ಲೆಕ್ಕ ನೋಡೋಣ. ವಿಷವಿಲ್ಲದಾಗ ಕಿರುವಿಭವ 0.5, ಅಂತ್ಯಫಲಕ ವಿಭವ 40 ಮಿಲಿವೋಲ್ಟ್ ಇದ್ದರೆ ತೆರೆದ ಗುಳ್ಳೆಗಳು 80.

ವಿಷ 'ಕ' ಹಾಕಿದ ಮೇಲೆ ಕಿರುವಿಭವ 0.5 ಆಗಿಯೇ ಉಳಿದು, ಅಂತ್ಯಫಲಕ ವಿಭವ 2ಕ್ಕೆ ಇಳಿಯಿತು. ತೆರೆದದ್ದು 4 ಗುಳ್ಳೆಗಳು ಮಾತ್ರ. ಒಂದೊಂದು ಗುಳ್ಳೆಯ ಪರಿಣಾಮ ಹಾಗೆಯೇ ಇದೆ, ಆದ್ದರಿಂದ ಗ್ರಾಹಕ ಸರಿಯಾಗಿದೆ, ಬಿಡುಗಡೆ ಕುಂದಿದೆ. ಬೊಟುಲಿನಂ ಇರಬಹುದು, ಹೆಚ್ಚಾದ ಮೆಗ್ನೀಸಿಯಂ ಕೂಡ ಇರಬಹುದು. ದ್ರವಕ್ಕೆ ಕ್ಯಾಲ್ಸಿಯಂ ಸೇರಿಸಿದಾಗ ಎಲ್ಲ ಮೊದಲಿನಂತಾದರೆ ಅದು ಮೆಗ್ನೀಸಿಯಂ.

ವಿಷ 'ಖ' ಹಾಕಿದ ಮೇಲೆ ಕಿರುವಿಭವ 0.1ಕ್ಕೂ ಅಂತ್ಯಫಲಕ ವಿಭವ 8ಕ್ಕೂ ಇಳಿಯಿತು. ಭಾಗಿಸಿದರೆ ಮತ್ತೆ 80. ಗುಳ್ಳೆಗಳ ಸಂಖ್ಯೆ ಕುಂದಿಲ್ಲ, ಒಂದೊಂದರ ಪರಿಣಾಮ ಐದನೇ ಒಂದು ಪಾಲಾಗಿದೆ. ಇದು ಕ್ಯುರಾರೆಯ ಜಾಡು.

ವಿಷ 'ಗ' ಮೊದಲು ಏನೂ ಮಾಡಲಿಲ್ಲ. ನರವನ್ನು ಬಹಳ ಹೊತ್ತು ಬಿಡದೆ ಪ್ರಚೋದಿಸಿದ ಮೇಲೆ ಕಿರುವಿಭವ 0.1ಕ್ಕೆ ಇಳಿಯಿತು. 'ಖ'ದಂತೆಯೇ ಕಂಡರೂ ಅವಸರದಲ್ಲಿ ಕ್ಯುರಾರೆ ಎನ್ನಬಾರದು. ಹೊರಗಿನಿಂದ ಅಸಿಟೈಲ್‌ಕೋಲಿನ್ ಹಾಕಿದಾಗ ಪ್ರತಿಕ್ರಿಯೆ ಪೂರ್ತಿ ಬಂದರೆ ಗ್ರಾಹಕ ಚೆನ್ನಾಗಿದೆ ಎಂದರ್ಥ. ಗುಳ್ಳೆಗಳೇ ಅರೆಬರೆ ತುಂಬಿವೆ. ಕೋಲಿನ್ ಒಳಗೆ ಬರದಂತೆ ತಡೆಯುವ ಹೆಮಿಕೋಲಿನಿಯಂ ಮಾಡುವುದು ಇದನ್ನೇ. ಹಳೆಯ ದಾಸ್ತಾನು ಖರ್ಚಾಗುವವರೆಗೆ ಅದರ ಕೆಲಸ ಕಾಣುವುದಿಲ್ಲ.

ಈ ಭಾಗಾಕಾರಕ್ಕೆ ಒಂದು ಮಿತಿಯಿದೆ. ವಿಭವ ಏರಿದಂತೆ ಸೋಡಿಯಂ ಒಳಬರುವ ಒತ್ತಡ ಕುಗ್ಗುವುದರಿಂದ, ಹತ್ತಾರು ಗುಳ್ಳೆಗಳು ಒಟ್ಟಿಗೆ ತೆರೆದಾಗ ಅವುಗಳ ಪರಿಣಾಮ ನೇರವಾಗಿ ಕೂಡುವುದಿಲ್ಲ. ದೊಡ್ಡ ವಿಭವಗಳಲ್ಲಿ ಲೆಕ್ಕ ನಿಜಕ್ಕಿಂತ ಕಡಿಮೆ ಬರುತ್ತದೆ, ತಿದ್ದುಪಡಿ ಬೇಕಾಗುತ್ತದೆ. ಸಣ್ಣವುಗಳಲ್ಲಿ ಇದು ನಂಬಬಹುದಾದ ಲೆಕ್ಕ.

ನಾಗರಹಾವು ಮತ್ತು ಕಟ್ಟುಹಾವು

ಇದೇ ತರ್ಕ ನಮ್ಮ ಹಳ್ಳಿಗಳ ಆಸ್ಪತ್ರೆಗಳಲ್ಲಿ ಜೀವನ್ಮರಣದ ಮಾತಾಗುತ್ತದೆ. ನಾಗರಹಾವಿನ ಆಲ್ಫಾ ನರವಿಷ ಗ್ರಾಹಕವನ್ನು ಮುಚ್ಚುತ್ತದೆ, 'ಖ'ದಂತೆ. ಕಟ್ಟುಹಾವಿನಲ್ಲಿ ಅಂಥ ವಿಷದ ಜೊತೆಗೆ ಬೀಟಾ-ಬಂಗಾರೊಟಾಕ್ಸಿನ್ ಬಗೆಯದೂ ಇದೆ. ಇವೆರಡು ಬಗೆಗಳನ್ನು 1963ರಲ್ಲಿ ತೈವಾನಿನ ಚಾಂಗ್ ಮತ್ತು ಲೀ ಅಲ್ಲಿನ ಕಟ್ಟುಹಾವಿನ ಜಾತಿಯೊಂದರಿಂದ ಬೇರ್ಪಡಿಸಿದರು. ಬೀಟಾ ಬಗೆ ನರದ ತುದಿಯನ್ನು ಹಿಡಿದು ಅದರ ಪೊರೆಯ ಕೊಬ್ಬನ್ನೇ ಕತ್ತರಿಸುತ್ತದೆ. ಗುಳ್ಳೆಗಳು ಬರಿದಾಗಿ ನರತುದಿ ಹಾಳಾಗುತ್ತದೆ.

ಕಟ್ಟುಹಾವು ರಾತ್ರಿ ಓಡಾಡುವ ಹಾವು; ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲಿ ಕಚ್ಚುತ್ತದೆ. ನೋವು, ಊತ ಇಲ್ಲದೆ, ಹಲ್ಲಿನ ಗುರುತೂ ಕಾಣದೆ ಹೋಗಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದವರಿಗೆ ಕಣ್ಣೆವೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ನುಂಗಲಾಗುವುದಿಲ್ಲ, ದಿಂಬಿನಿಂದ ತಲೆ ಎತ್ತಲಾಗುವುದಿಲ್ಲ. ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಆರ್ಗನೊಫಾಸ್ಫೇಟ್ ಸೇವಿಸಿದವರಲ್ಲೂ ಉಸಿರು ಸೋಲುತ್ತದೆ, ಆದರೆ ಅಲ್ಲಿ ಕಣ್ಣಪಾಪೆ ಸಾಸಿವೆಯಷ್ಟಾಗಿ, ಜೊಲ್ಲು ಬೆವರು ಸುರಿದು, ಸ್ನಾಯುಗಳು ಅದುರುತ್ತವೆ.

ಎವೆ ಜೋಲಿದ ರೋಗಿಗೆ ವೈದ್ಯರು ನಿಯೋಸ್ಟಿಗ್ಮಿನ್ ಕೊಟ್ಟು ನೋಡುತ್ತಾರೆ. ಹೃದಯದ ಬಡಿತ ಕುಗ್ಗದಿರಲೆಂದು ಜೊತೆಗೆ ಅಟ್ರೊಪಿನ್. ನಿಯೋಸ್ಟಿಗ್ಮಿನ್ ಕಿಣ್ವವನ್ನು ತಾತ್ಕಾಲಿಕವಾಗಿ ತಡೆಯುವುದರಿಂದ ಸಂದಿಯಲ್ಲಿ ಅಸಿಟೈಲ್‌ಕೋಲಿನ್ ಹೆಚ್ಚುತ್ತದೆ. ನಾಗರಹಾವು ಕಚ್ಚಿದ್ದರೆ ಹೆಚ್ಚಿದ ಅಸಿಟೈಲ್‌ಕೋಲಿನ್ ಉಳಿದ ಗ್ರಾಹಕಗಳಿಗಾಗಿ ವಿಷದೊಡನೆ ಪೈಪೋಟಿ ಮಾಡುತ್ತದೆ, ಅರ್ಧ ಗಂಟೆ ಒಂದು ಗಂಟೆಯಲ್ಲಿ ಎವೆ ಮೇಲೇಳುವುದು ಕಾಣುತ್ತದೆ. ಕಟ್ಟುಹಾವು ಕಚ್ಚಿದ್ದರೆ ಸಾಮಾನ್ಯವಾಗಿ ಬದಲಾವಣೆಯಿಲ್ಲ: ಬಿಡುಗಡೆಯೇ ಆಗದ ಅಸಿಟೈಲ್‌ಕೋಲಿನ್ ಅನ್ನು ಉಳಿಸಿ ಹೆಚ್ಚಿಸುವುದು ಹೇಗೆ? ಭಾರತದ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಕೆಲಸ ಮಾಡುತ್ತದೆ. ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನು ಅದು ಹಿಡಿಯಬಲ್ಲದು. ಹಾಳಾದ ನರತುದಿಯನ್ನು ರಿಪೇರಿ ಮಾಡಲಾರದು. ಹಾಗಾಗಿ ಪ್ರತಿವಿಷವನ್ನು ಬೇಗ ಕೊಡಬೇಕು, ಕೃತಕ ಉಸಿರಾಟವನ್ನು ನರತುದಿ ಮತ್ತೆ ಬೆಳೆಯುವವರೆಗೆ, ಹಲವು ದಿನ, ಕೆಲವೊಮ್ಮೆ ವಾರಗಳ ಕಾಲ ನಡೆಸಬೇಕು.

ಆ ದಿನಗಳಲ್ಲಿ ರೋಗಿ ಕಣ್ಣು ತೆರೆಯಲಾರ, ಬೆರಳು ಅಲುಗಿಸಲಾರ; ಕಣ್ಣಪಾಪೆ ಕೂಡ ಅಗಲವಾಗಿ ಬೆಳಕಿಗೆ ಕುಗ್ಗದೆ ಇರಬಹುದು. ಮಿದುಳು ಸತ್ತಿದೆ ಎಂದು ತಪ್ಪಾಗಿ ತಿಳಿಯುವ ಅಪಾಯ ಇಲ್ಲೇ. ತಡೆ ಇರುವುದು ನರದ ತುದಿಯ ಸಂಧಿಯಲ್ಲಿ ಮಾತ್ರ. ಅದರ ಹಿಂದಿನ ಮಿದುಳಿಗೆ ಈ ವಿಷ ತಾಗಿಲ್ಲ, ಅದರ ಮುಂದಿನ ಸ್ನಾಯುವೂ ಕೆಟ್ಟಿಲ್ಲ. ಉಸಿರಾಟದ ಯಂತ್ರದಲ್ಲಿ ಆಮ್ಲಜನಕ ಸರಿಯಾಗಿ ಸಿಗುತ್ತಿದ್ದರೆ ಆ ವ್ಯಕ್ತಿ ಹಾಸಿಗೆಯ ಪಕ್ಕದ ಮಾತನ್ನೆಲ್ಲ ಕೇಳಿಸಿಕೊಳ್ಳುತ್ತಿರಬಹುದು. ಯಾವ ಮೆಟ್ಟಿಲು ಮುರಿದಿದೆ ಎಂದು ತಿಳಿದವರು ಯಂತ್ರ ನಿಲ್ಲಿಸುವುದಿಲ್ಲ, ಕಾಯುತ್ತಾರೆ.